ಗಂಟಲು ನೋವು ವಾಸಿಯಾಯಿತು, ಬ್ರಶ್ ಬಿಸಾಡಬೇಕೇ?

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಜ್ವರ, ಗಂಟಲು ನೋವು ಎಂದು ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೇ ದಿನ ಬಂದವಳೇ ಕೇಳಿದಳು: "ಟೀಚರ್, ಅಮ್ಮ ನನ್ನ ಹಳೆ ಬ್ರಶ್ ಬಿಸಾಡಿ ಹೊಸತು ತಂದ್ರು. ಇಲ್ಲದಿದ್ರೆ ರೋಗ ವಾಪಸ್ ಬರ್ತದಂತೆ, ಹೌದಾ?"

"ಡಾಕ್ಟ್ರು ಕೊಟ್ಟ ಮಾತ್ರೆ?" ಎಂದೆ.

"ಹತ್ತು ದಿನ ತಿನ್ಲಿಕ್ಕೆ ಹೇಳಿದ್ರು. ಜ್ವರ ಬಿಟ್ಟಿತಲ್ಲ, ನಿನ್ನೆಯೇ ನಿಲ್ಲಿಸಿದೆ."

ನೋಡಿ, ಬದಲಿಸದಿದ್ದರೂ ನಡೆಯುವ ವಸ್ತುವನ್ನು ಬದಲಿಸಿ, ನಿಲ್ಲಿಸಬಾರದ್ದನ್ನು ನಿಲ್ಲಿಸಿದ್ದಳು. ಅದಕ್ಕೇ ಈ ಬರಹ.

ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬರುವಂಥದ್ದು. ಅದು ತಾನಾಗಿ ವಾಸಿಯಾಗುತ್ತದೆ, ಅದಕ್ಕೆ ಆಂಟಿಬಯೋಟಿಕ್ ಬೇಡ. ವಾಸಿಯಾಗುವ ಹೊತ್ತಿಗೆ ಆ ವೈರಸ್ಸಿಗೆ ಎದುರಾದ ಪ್ರತಿಕಾಯಗಳು ನಿಮ್ಮ ರಕ್ತದಲ್ಲಿ ತಯಾರಾಗಿರುತ್ತವೆ. ಹಾಗಾಗಿ ನಿಮ್ಮದೇ ಬ್ರಶ್ಶಿನಿಂದ ಅದೇ ವೈರಸ್ ನಿಮ್ಮನ್ನು ಮತ್ತೆ ಮಲಗಿಸುವುದು ಕಷ್ಟ. ಆದರೆ ಕೆಲವರಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ. ಆ ಹುಡುಗಿಗೆ ಬಂದದ್ದು ಅದೇ.

ಅದು ಬ್ರಶ್ಶಿನಲ್ಲಿ ಉಳಿಯುತ್ತದೆಯೇ? ಅಮೆರಿಕದ ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಮಕ್ಕಳ ವೈದ್ಯರು ಇದನ್ನೇ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ತಿಳಿಸಿದರು. ಸ್ಟ್ರೆಪ್ ಇದ್ದವರು, ಬೇರೆ ಕಾರಣದಿಂದ ಗಂಟಲು ನೋವಿದ್ದವರು, ಆರೋಗ್ಯವಾಗಿದ್ದವರು, ಹೀಗೆ ಮೂರು ಗುಂಪಿನ ಮಕ್ಕಳಿಗೆ ಹೊಸ ಬ್ರಶ್ ಕೊಟ್ಟು ಹಲ್ಲುಜ್ಜಿಸಿದರು. ಆಮೇಲೆ ಆ ಬ್ರಶ್‌ಗಳಲ್ಲಿ ಏನು ಬೆಳೆಯುತ್ತದೆಂದು ನೋಡಿದರು. ಸ್ಟ್ರೆಪ್ ಸಿಕ್ಕಿದ್ದು ಒಂದೇ ಒಂದು ಬ್ರಶ್ಶಿನಲ್ಲಿ, ಅದೂ ಸ್ಟ್ರೆಪ್ ಗಂಟಲು ನೋವು ಇಲ್ಲದವರದ್ದು! ಪ್ರಯೋಗಾಲಯದಲ್ಲಿ ಬೇಕೆಂದೇ ಹಚ್ಚಿದಾಗ ಮಾತ್ರ ಅದು ಬ್ರಶ್ಶಿನ ಮೇಲೆ ಎರಡು ದಿನ ಬದುಕಿತ್ತು. 'ಬದುಕಬಲ್ಲದು' ಎನ್ನುವುದು ಬೇರೆ, 'ನಿಜಕ್ಕೂ ಅಲ್ಲಿಗೆ ಬರುತ್ತದೆ' ಎನ್ನುವುದು ಬೇರೆ. ಇದು ಕೆಲವೇ ಹತ್ತು ಮಕ್ಕಳ ಮೇಲೆ ನಡೆದ ಸಣ್ಣ ಅಧ್ಯಯನ, ಇದೇ ಕೊನೆಯ ಮಾತಲ್ಲ. ಆದರೂ ಹೆದರಿ ಬ್ರಶ್ ಬಿಸಾಡಲು ಕಾರಣ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮಾತ್ರೆಯ ವಿಷಯ ಹಾಗಲ್ಲ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಗಂಟಲಲ್ಲಿ ಸ್ಟ್ರೆಪ್ ಉಳಿಯಬಹುದು. ಸರಿಯಾಗಿ ಚಿಕಿತ್ಸೆಯಾಗದಿದ್ದರೆ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳೇ ಕೆಡುತ್ತವೆ. 5ರಿಂದ 15 ವರ್ಷದವರಲ್ಲಿ, ಎಂದರೆ ನಿಮ್ಮ ವಯಸ್ಸಿನವರಲ್ಲೇ, ಇದು ಹೆಚ್ಚು. ಡಾಕ್ಟ್ರು ಹತ್ತು ದಿನ ಅಂದರೆ ಹತ್ತು ದಿನ.

ಬ್ರಶ್ಶಿನ ವಿಷಯದಲ್ಲಿ ನಿಮಗೆ ಬೇರೆ ಕೆಲಸ ಇದೆ. ಮನೆಯವರ ಬ್ರಶ್‌ಗಳೆಲ್ಲ ಒಂದೇ ಲೋಟದಲ್ಲಿ ತಲೆಗೆ ತಲೆ ತಾಗಿಸಿ ನಿಂತಿದ್ದರೆ, ಕಾಯಿಲೆಯವರ ಬ್ರಶ್ ಬೇರೆ ಇಡಿ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು, ಮುಚ್ಚಳ ಹಾಕದೆ, ಗಾಳಿಯಾಡುವಲ್ಲಿ ನೆಟ್ಟಗೆ ನಿಲ್ಲಿಸಿ. ನಮ್ಮ ಕಾಸರಗೋಡಿನ ಮಳೆಯಲ್ಲಿ ಬಚ್ಚಲಲ್ಲಿಟ್ಟ ಬ್ರಶ್ ಒಣಗುವುದೇ ಇಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ, ಅಥವಾ ಎಳೆಗಳು ಬಾಗಿ ಹರಡಿದರೆ ಅದಕ್ಕೂ ಮೊದಲೇ, ಬದಲಿಸಿ.

ಆ ಹುಡುಗಿಗೆ ಇನ್ನೊಂದು ಸಂಕೋಚವಿತ್ತು. "ಹೊಸ ಬ್ರಶ್ಶಿನಲ್ಲಿ ಉಜ್ಜಿದ್ರೂ ಬಾಯಿ ವಾಸನೆ ಹೋಗ್ಲಿಲ್ಲ ಟೀಚರ್" ಎಂದಳು. ಹೋಗುವುದು ಹೇಗೆ? ಹೆಚ್ಚಿನವರಲ್ಲಿ ಆ ವಾಸನೆ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ. ಅಲ್ಲಿನ ಸಣ್ಣ ಸಣ್ಣ ಉಬ್ಬುಗಳ ನಡುವೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಅಡಗಿರುತ್ತವೆ. ಅವು ಆಹಾರದ, ಸತ್ತ ಜೀವಕೋಶಗಳ ಪ್ರೋಟೀನನ್ನು ಒಡೆದು, ಕೊಳೆತ ಮೊಟ್ಟೆಯ ವಾಸನೆಯ H₂S ಮತ್ತು ಅದರಂಥದ್ದೇ ಗಂಧಕದ ಅನಿಲಗಳನ್ನು ಬಿಡುತ್ತವೆ. ಕಾಯಿಲೆಯಲ್ಲಿ ಊಟ, ನೀರು ಕಡಿಮೆ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತೇವೆ. ತೊಳೆಯಬೇಕಾದ ಜೊಲ್ಲು ಒಣಗಿ, ನಾಲಿಗೆಯ ಬಿಳಿ ಪದರ ದಪ್ಪವಾಗುತ್ತದೆ.

ಪರೀಕ್ಷಿಸಬೇಕೇ? ತೊಳೆದ ಚಮಚವನ್ನು ನಾಲಿಗೆಯ ಹಿಂಭಾಗದಲ್ಲಿ ಮೆಲ್ಲಗೆ ಎಳೆದು, ಅರೆ ನಿಮಿಷ ಬಿಟ್ಟು ಮೂಸಿ ನೋಡಿ.

ನಮ್ಮ ಅಜ್ಜಿಯಂದಿರು ತೆಂಗಿನ ಗರಿಯ ಕಡ್ಡಿ ಸೀಳಿ, ಬಿಲ್ಲಿನಂತೆ ಬಗ್ಗಿಸಿ ನಾಲಿಗೆ ಕೆರೆಯುತ್ತಿದ್ದರಲ್ಲ, ಅದು ಸರಿಯಾದ ಕ್ರಮವೇ. ಅಂಗಡಿಯ ಸ್ಟೀಲ್ ಟಂಗ್ ಕ್ಲೀನರ್ ಕೂಡ ಆದೀತು. ನಾಲಿಗೆ ಹೊರಚಾಚಿ, ಉಸಿರು ಹೊರಬಿಡುತ್ತಾ, ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ ಎಳೆಯಿರಿ. ಪ್ರತಿ ಸಲವೂ ತೊಳೆಯಿರಿ. ಉಸಿರು ಹೊರಬಿಟ್ಟರೆ ಓಕರಿಕೆ ಕಡಿಮೆ. ರಕ್ತ ಬಂದರೆ ಒತ್ತಿದ್ದು ಜಾಸ್ತಿಯಾಯಿತು ಎಂದರ್ಥ. ಇದರ ಫಲ ಕೆಲವು ಗಂಟೆಗಳದ್ದು ಮಾತ್ರ, ಹಾಗಾಗಿ ದಿನಾ ಮಾಡಬೇಕು. ಎರಡು ವಾರ ಹೀಗೆ ಮಾಡಿಯೂ ವಾಸನೆ ಉಳಿದರೆ, ಕಾರಣ ಒಸಡಿನಲ್ಲೋ ಹುಳುಕಿನಲ್ಲೋ ಟಾನ್ಸಿಲ್‌ನಲ್ಲೋ ಇರಬಹುದು. ಆಗ ದಂತವೈದ್ಯರಿಗೆ ತೋರಿಸಿ.

ಹುಡುಗಿ ಆ ದಿನ ಸಂಜೆಯೇ ಅಮ್ಮನ ಜೊತೆ ಡಾಕ್ಟ್ರ ಹತ್ತಿರ ಹೋಗಿ ಕೇಳಿ, ಮಾತ್ರೆ ಮತ್ತೆ ಶುರು ಮಾಡಿದಳು. ಹೊಸ ಬ್ರಶ್ ಇರಲಿ, ತೊಂದರೆಯಿಲ್ಲ ಎಂದೆ.