ತಂಬ್‌ನೈಲ್‌ನಲ್ಲಿ 'ಧನ' ಹೋಗಿ 'ದನ' ಆಗಬಾರದು

ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಸುದ್ದಿ ಈಗ ಮೊದಲು ಕಾಣುವುದು ಯೂಟ್ಯೂಬ್ ವಿಡಿಯೊದ ತಂಬ್‌ನೈಲ್‌ನಲ್ಲಿ. ಅಂದರೆ ವಿಡಿಯೊ ತೆರೆಯುವ ಮುಂಚೆ ಕಾಣುವ ಆ ಸಣ್ಣ ಚಿತ್ರದಲ್ಲಿ. ಹೊಲದಲ್ಲಿ, ಬಸ್ಸಿನಲ್ಲಿ, ಚಹಾ ಅಂಗಡಿಯಲ್ಲಿ ಕೂತ ಎಷ್ಟೋ ಜನ ವಿಡಿಯೊ ತೆರೆಯುವುದೇ ಇಲ್ಲ. ಚಿತ್ರದ ಮೇಲಿನ ಎರಡು ಸಾಲು ಓದಿ, ಅದನ್ನೇ ಸುದ್ದಿ ಎಂದುಕೊಂಡು ಮುಂದೆ ಹೋಗುತ್ತಾರೆ. ಹೀಗಾಗಿ ಆ ಎರಡು ಸಾಲನ್ನು ಬದಲಿಸುವುದೂ ಸುದ್ದಿ ಬರೆಯುವ ಕೆಲಸವೇ. ಸ್ಥಳೀಯ ಚಾನೆಲ್‌ಗಳಲ್ಲಿ ಅದು ಗಡಿಬಿಡಿಯಲ್ಲಿ ಮುಗಿಯುತ್ತಿದೆ ಎಂಬುದೇ ನಮ್ಮ ತಕರಾರು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನಿನ್ನೆಯ ತಂಬ್‌ನೈಲ್ ಮೇಲೆ 'ಹುಮನಾಬಾದ್' ಎಂದು ಒಂದು ಸಾಲು, ಅದರ ಕೆಳಗೆ 'ಬೆಳೆ ಪರಿಹಾರ ಧನ ಯಾರಿಗೆ ಬಂತು?' ಎಂದು ಇನ್ನೊಂದು ಸಾಲು ಇದೆ. ಅಕ್ಷರ ಹಳದಿ, ಸುತ್ತ ಕಪ್ಪು ಅಂಚು. ಇವತ್ತು ಅದೇ ವಿಷಯ ಬಸವಕಲ್ಯಾಣದ್ದು. ಊರ ಹೆಸರು ಬದಲಿಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಮುಗಿಯುವುದಿಲ್ಲ.

ಬಹಳ ಜನ ಮಾಡುವುದು ಹೀಗೆ: ವಾಟ್ಸಾಪ್‌ನಲ್ಲಿ ಬಂದ ಹಳೆಯ ಚಿತ್ರವನ್ನೇ ತೆಗೆದುಕೊಂಡು, ಹಳೆಯ ಹೆಸರಿನ ಮೇಲೆ ಬಣ್ಣದ ಪಟ್ಟಿ ಎಳೆದು, ಅದರ ಮೇಲೆ ಹೊಸ ಹೆಸರು ಬರೆಯುತ್ತಾರೆ. ಪಟ್ಟಿ ಸ್ವಲ್ಪ ಸರಿದರೂ ಹಳೆಯ ಅಕ್ಷರದ ಕಪ್ಪು ಅಂಚು ಅಲ್ಲಲ್ಲಿ ಇಣುಕುತ್ತದೆ. ಓದುವವರಿಗೆ ಅದು ಒತ್ತಕ್ಷರವೋ ಕೊಂಬೋ ಎಂದು ಗೊಂದಲ. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುವುದರಿಂದ, ಹಾಗೇ ಉಳಿದ ಎರಡನೇ ಸಾಲಿನ ಅಂಚೂ ಮಸುಕಾಗಿರುತ್ತದೆ. ದಾರಿ ಸರಳ. ಅಕ್ಷರವಿಲ್ಲದ ಮೂಲ ಫೋಟೊವನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು, ಮತ್ತು ಚಿತ್ರ ಮಾಡುವ ಆಪ್‌ನಲ್ಲಿ ಪ್ರಾಜೆಕ್ಟನ್ನೇ ಉಳಿಸಬೇಕು. ಗೆಳೆಯರಿಗೆ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

ಈಗ ಪ್ರಾಜೆಕ್ಟ್ ತೆರೆದು 'ಹುಮನಾಬಾದ್' ಅಳಿಸಿ 'ಬಸವಕಲ್ಯಾಣ' ಎಂದು ಬರೆಯಿರಿ. ಹೊಸ ಹೆಸರು ಸ್ವಲ್ಪ ಉದ್ದ. ಕೆಲವು ಆಪ್‌ಗಳು ಅಕ್ಷರವನ್ನು ತಾವೇ ಸಣ್ಣದು ಮಾಡುತ್ತವೆ, ಕೆಲವು ಕೊನೆಯ 'ಣ' ಒಂದನ್ನೇ ಕೆಳಗಿನ ಸಾಲಿಗೆ ತಳ್ಳುತ್ತವೆ. ಆಗ ಕೈ ಹೋಗುವುದು ಅಕ್ಷರ ಸಣ್ಣದು ಮಾಡುವ ಬಟನ್ ಕಡೆಗೇ. ಅದನ್ನು ಮುಟ್ಟುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕು.

ತಂಬ್‌ನೈಲ್ ಅನ್ನು ಸಾಮಾನ್ಯವಾಗಿ 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರದಲ್ಲಿ ಮಾಡುತ್ತೇವೆ. ಅದೇ ಚಿತ್ರ ಫೋನಿನ ಪಟ್ಟಿಯಲ್ಲಿ, ಪಕ್ಕದಲ್ಲಿ ಶೀರ್ಷಿಕೆ ಇಟ್ಟುಕೊಂಡು ಕಾಣುವಾಗ ಸುಮಾರು 3 ಸೆಂಟಿಮೀಟರ್ ಅಗಲ ಇರುತ್ತದೆ. ಅಂದರೆ ನಮ್ಮ 43 ಪಿಕ್ಸೆಲ್ ಅಲ್ಲಿ ಒಂದೇ ಮಿಲಿಮೀಟರ್. 150 ಪಿಕ್ಸೆಲ್ ಎತ್ತರದ ಅಕ್ಷರ ಸುಮಾರು ಮೂರೂವರೆ ಮಿಲಿಮೀಟರ್ ಆಗಿ ಕಾಣುತ್ತದೆ, ಓದಬಹುದು. 80 ಪಿಕ್ಸೆಲ್‌ನದು 2 ಮಿಲಿಮೀಟರ್ ಕೂಡ ಇಲ್ಲ. ಬಿಸಿಲಲ್ಲಿ ನಿಂತ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ರೈತರಿಗೆ ಅದು ಬರೀ ಗೀಟು. ಆದ್ದರಿಂದ ಅಕ್ಷರ ಸಣ್ಣದು ಮಾಡಬೇಡಿ, ಮಾತು ಕಡಿಮೆ ಮಾಡಿ. ಅಕ್ಷರದ ಪೆಟ್ಟಿಗೆಯನ್ನು ಅಗಲ ಮಾಡಿ 'ಬಸವಕಲ್ಯಾಣ' ಒಂದೇ ಸಾಲಿನಲ್ಲಿ ಇರಲಿ. ಕೆಳಗೆ 'ಪರಿಹಾರ ಧನ' ಅಷ್ಟೇ ಸಾಕು. ಯಾರಿಗೆ ಬಂತು ಎಂಬುದು ವಿಡಿಯೊದ ಶೀರ್ಷಿಕೆಯಲ್ಲಿ ಬರಲಿ.

ಇಲ್ಲಿಯೇ ಅಂಚಿನ ಪೆಟ್ಟು ಬೀಳುವುದು. ಶಾಲೆಯಲ್ಲಿ ಮೇಷ್ಟ್ರು ಹೊಟ್ಟೆ ಸೀಳಿ ಬರೆ ಎಂದು 'ಧ' ಕಲಿಸಿದ್ದು ನೆನಪಿರಬೇಕು. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಆ ಸಣ್ಣ ಗೀಟು ಮಾತ್ರ. ಆಪ್‌ನಲ್ಲಿ 12 ಪಿಕ್ಸೆಲ್ ಅಂಚು ಹಾಕಿದರೆ, ಕೆಲವು ಆಪ್‌ಗಳು ಅದನ್ನು ಅಕ್ಷರದ ಗೆರೆಯ ಮೇಲೆ ಕೂರಿಸುತ್ತವೆ: 6 ಪಿಕ್ಸೆಲ್ ಹೊರಗೆ, 6 ಪಿಕ್ಸೆಲ್ ಒಳಗೆ. ಆ ಗೀಟಿನ ದಪ್ಪ 10 ಪಿಕ್ಸೆಲ್ ಇದ್ದರೆ, ಎರಡೂ ಬದಿಯಿಂದ 6ರಂತೆ ಕಪ್ಪು ಬಂದು ಹಳದಿಯನ್ನು ಪೂರ್ತಿ ನುಂಗಿಬಿಡುತ್ತದೆ. ಪರಿಹಾರ 'ಧನ' ಅಲ್ಲಿಗೆ ಪರಿಹಾರ 'ದನ' ಆಯಿತು. ಸರ್ಕಾರ ಹಣ ಕೊಡುತ್ತದೋ ಎಮ್ಮೆ ಕೊಡುತ್ತದೋ ಎಂದು ನಗುವವರು ನಗುತ್ತಾರೆ. ಅರ್ಥವಾಗದವರು ಪಕ್ಕದವರನ್ನು ಕೇಳುತ್ತಾರೆ. ಅಕ್ಷರ 150ರಿಂದ 110ಕ್ಕೆ ಇಳಿದು ಅಂಚು ಮಾತ್ರ 12ರಲ್ಲೇ ಉಳಿದರೂ ಇದೇ ಕಥೆ.

ಉಪಾಯ ಇದೆ. ಒಂದೇ ಮಾತನ್ನು ಎರಡು ಪ್ರತಿ ಮಾಡಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ. ಕೆಳಗಿನ ಪ್ರತಿಗೆ ಕಪ್ಪು ಅಂಚು, ಮೇಲಿನ ಪ್ರತಿಗೆ ಅಂಚೇ ಇಲ್ಲ, ಬರೀ ಹಳದಿ. ಅಂಚು ಎಷ್ಟೇ ದಪ್ಪ ಇರಲಿ, ಅಕ್ಷರದ ಮೈ ಕರಗುವುದಿಲ್ಲ. ಮಾತು ಬದಲಿಸುವಾಗ ಎರಡೂ ಪ್ರತಿಯಲ್ಲಿ ಬದಲಿಸಬೇಕು ಎಂಬುದು ಮಾತ್ರ ನೆನಪಿರಲಿ. ಇಲ್ಲದಿದ್ದರೆ 'ಬಸವಕಲ್ಯಾಣ'ದ ಹಿಂದೆ 'ಹುಮನಾಬಾದ್' ನೆರಳಾಗಿ ನಿಂತಿರುತ್ತದೆ.

ಇನ್ನು ಜಾಗದ ಮಾತು. ನಾವು ಎತ್ತಿಕೊಳ್ಳುವ ಸಿದ್ಧ ವಿನ್ಯಾಸಗಳಲ್ಲಿ ಬಹಳಷ್ಟು ಇಂಗ್ಲಿಷ್ ದೊಡ್ಡಕ್ಷರಕ್ಕೆ ಮಾಡಿದವು. ಆ ಅಕ್ಷರಗಳಿಗೆ ಕೆಳಗೆ ಒತ್ತು ಇಲ್ಲ, ಮೇಲೆ ಗುಡಿಸು ಇಲ್ಲ, ಹೀಗಾಗಿ ಸಾಲುಗಳು ಒತ್ತೊತ್ತಾಗಿರುತ್ತವೆ. 'ಹುಮನಾಬಾದ್'ನಲ್ಲಿ ಒತ್ತಕ್ಷರ ಇರಲಿಲ್ಲ, ನಡೆದುಹೋಯಿತು. 'ಬಸವಕಲ್ಯಾಣ'ದ ಯ-ಒತ್ತು ಕೆಳಗೆ ಇಳಿದು, 'ಪರಿಹಾರ'ದ 'ರಿ' ಗುಡಿಸಿಗೆ ತಾಗಬಹುದು. ಅಂಚು ಸೇರಿದ ಮೇಲೆ ಎರಡೂ ಒಂದೇ ಕಪ್ಪು ಮುದ್ದೆ. ಎರಡು ಅಂಚುಗಳ ನಡುವೆ ಹಿಂದಿನ ಚಿತ್ರ ಕಾಣುವಷ್ಟು ಸಾಲಿನ ಅಂತರ ಹೆಚ್ಚಿಸಿ.

ಕೆಳಗಿನ ಬಲ ಮೂಲೆಯನ್ನು ಮಾತ್ರ ಪೂರ್ತಿ ಬಿಟ್ಟುಕೊಡಿ. ವಿಡಿಯೊ ಎಷ್ಟು ನಿಮಿಷದ್ದು ಎಂಬ ಕಪ್ಪು ಚೀಟಿಯನ್ನು ಯೂಟ್ಯೂಬ್ ಅಲ್ಲಿಯೇ ಅಂಟಿಸುತ್ತದೆ. ಚಿತ್ರ ಸಣ್ಣದಾದಂತೆ ಆ ಚೀಟಿ ಅದೇ ಲೆಕ್ಕದಲ್ಲಿ ಸಣ್ಣದಾಗುವುದಿಲ್ಲ, ಹಾಗಾಗಿ ಸಣ್ಣ ಪಟ್ಟಿಯಲ್ಲಿ ಅದು ಹೆಚ್ಚು ಜಾಗ ತಿನ್ನುತ್ತದೆ. ಅಲ್ಲಿ 320 ಅಗಲ, 180 ಎತ್ತರದ ಜಾಗ ಖಾಲಿ ಬಿಟ್ಟರೆ ನಿಶ್ಚಿಂತೆ. ಅರ್ಧ ನೋಡಿದ ವಿಡಿಯೊಗೆ ತಳದಲ್ಲಿ ಕೆಂಪು ಗೆರೆಯೂ ಬರುತ್ತದೆ, ಆದ್ದರಿಂದ ಅಕ್ಷರ ತಳಕ್ಕೆ ತಾಗಬಾರದು. 'ಪರಿಹಾರ ಧನ' ಎಡಕ್ಕೆ ಸರಿಯಲಿ. ಇಲ್ಲದಿದ್ದರೆ 'ಧನ'ದ ಮೇಲೆಯೇ '10:24' ಎಂದು ಕೂತಿರುತ್ತದೆ.

ಎಲ್ಲ ಆದ ಮೇಲೆ ದೊಡ್ಡದು ಮಾಡಿ ನೋಡಿ ಖುಷಿಪಡಬೇಡಿ. ವಿಡಿಯೊವನ್ನು ಪ್ರೈವೇಟ್ ಆಗಿ ಹಾಕಿ, ಯೂಟ್ಯೂಬ್ ಸ್ಟುಡಿಯೊ ಆಪ್‌ನ ವಿಡಿಯೊ ಪಟ್ಟಿಯಲ್ಲಿ ತಂಬ್‌ನೈಲ್ ನೋಡಿ. ಅಲ್ಲಿ ಅದು ಸಣ್ಣದಾಗಿಯೇ ಕಾಣುತ್ತದೆ. ಸುದ್ದಿ ಏನೆಂದು ಗೊತ್ತಿಲ್ಲದ ಮನೆಯ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟು ಬಿಸಿಲಿನಲ್ಲಿ ಓದಿಸಿ. ನಮಗೆ ಮಾತು ಮೊದಲೇ ಗೊತ್ತಿರುವುದರಿಂದ 'ದನ' ಇದ್ದರೂ 'ಧನ' ಎಂದೇ ಓದುತ್ತೇವೆ. ಅವರು ತಡವರಿಸಿದರೆ 'ಧನ' ತೆಗೆದು 'ಬೆಳೆ ಪರಿಹಾರ' ಎಂದು ಹಾಕಿ, ಅರ್ಥ ಪೂರ್ತಿ ಇರುತ್ತದೆ.

ಕೊನೆಗೆ, ನಮ್ಮ ವೃತ್ತಿಯವರೆಲ್ಲರಿಗೂ ಒಂದು ಮಾತು. ಹಾಕಿದ ತಂಬ್‌ನೈಲ್ ಅನ್ನು ಆಮೇಲೂ ಸ್ಟುಡಿಯೊದಲ್ಲಿ ಬದಲಿಸಬಹುದು, ಲಿಂಕ್ ಅದೇ ಇರುತ್ತದೆ. ಆದರೆ ಅಷ್ಟರಲ್ಲಿ ವಾಟ್ಸಾಪ್ ಗುಂಪುಗಳಿಗೆ ಹೋದ ಸಂದೇಶದಲ್ಲಿ ಹಳೆಯ ಚಿತ್ರವೇ ಉಳಿದಿರುತ್ತದೆ. ಹುಮನಾಬಾದಿನ ಹೆಸರು ನೋಡಿದವರು ಅದನ್ನೇ ನಂಬಿ ಕಚೇರಿಗೆ ಹೊರಟಿರಬಹುದು. ಊರ ಹೆಸರೋ ದಿನಾಂಕವೋ ತಪ್ಪಾಗಿ ಬದಲಿಸಿದ್ದರೆ, ಸದ್ದಿಲ್ಲದೆ ಚಿತ್ರ ಬದಲಿಸಿ ಸುಮ್ಮನಾಗುವುದು ನ್ಯಾಯವಲ್ಲ. ಹೊಸ ಚಿತ್ರದ ಮೇಲೆ 'ತಿದ್ದುಪಡಿ' ಎಂದು ಹಾಕಿ, ಅದೇ ಗುಂಪುಗಳಿಗೆ ಮತ್ತೆ ಕಳಿಸಬೇಕು. ಆ ಒಂದು ಪದಕ್ಕೂ 150 ಪಿಕ್ಸೆಲ್ ಎತ್ತರವೇ ಇರಲಿ.