ಹಬ್ಬ ಕರ್ಕೊಂಡು ಬಂದ ಗಿರಾಕಿಗೆ ಆ್ಯಡ್ ಬಿಲ್ ಯಾಕೆ?

1/7
"ಆ್ಯಡ್ ಖರ್ಚು ಡಬಲ್ ಮಾಡಿದ್ವಿ, ಸೇಲ್ಸ್ ಡಬಲ್ ಆಯ್ತು!"

ದೀಪಾವಳಿ ಮುಗಿದ ವಾರ ಈ ಸಾಲು ಎಲ್ಲ ಕಡೆ ಸಿಗುತ್ತೆ. ಏಜೆನ್ಸಿಗಳ ರೀಲ್ಸಲ್ಲೂ ಇರುತ್ತೆ, ನಮ್ಮ ಬಿಕಾಂ ಪ್ರಾಜೆಕ್ಟ್ ರಿಪೋರ್ಟಲ್ಲೂ ಇರುತ್ತೆ. ರಿಪೋರ್ಟಲ್ಲಾದ್ರೆ ಜೊತೆಗೆ ಕಾರ್ಲ್ ಪಿಯರ್ಸನ್ ಸೂತ್ರ ಹಾಕಿ "ಸಹಸಂಬಂಧ 0.9, ಆದ್ದರಿಂದ ಜಾಹೀರಾತು ಪರಿಣಾಮಕಾರಿ" ಅಂತ ಮುಗಿಸಿರ್ತಾರೆ.

ಆ "ಆದ್ದರಿಂದ" ಇದೆಯಲ್ಲ, ನನ್ನ ತಕರಾರು ಅದರ ಮೇಲೆ. ಅಂಕಿಗಳು ನಿಜವೇ ಇರಬಹುದು. ಆದ್ರೆ ಹಬ್ಬದ ಸೀಸನ್ನಲ್ಲಿ ಎರಡೂ ಒಟ್ಟಿಗೆ ಏರಿದ್ವು ಅಂದ ಮಾತ್ರಕ್ಕೆ ಆ್ಯಡ್‌ನಿಂದಲೇ ಸೇಲ್ಸ್ ಬಂತು ಅಂತ ಹೇಳೋಕೆ ಬರಲ್ಲ.

2/7
ಮೊದಲು ಒಂದು ಪ್ರಶ್ನೆ. ಅಂಗಡಿಯವರು ಆ್ಯಡ್ ಖರ್ಚನ್ನ ಯಾವಾಗ ಜಾಸ್ತಿ ಮಾಡ್ತಾರೆ? ಜನ ಹೇಗಿದ್ರೂ ಕೊಳ್ಳೋಕೆ ಬರ್ತಾರೆ ಅಂತ ಗೊತ್ತಿರೋ ತಿಂಗಳಲ್ಲೇ ಅಲ್ವಾ? ಸೀರೆ ಅಂಗಡಿಯ ಬಜೆಟ್ ಡಬಲ್ ಮಾಡೋದು ದಸರಾ ಹತ್ತಿರ ಬಂದಾಗ.

ಅಂದ್ರೆ ಹಬ್ಬ ಅನ್ನೋ ಒಂದೇ ಕಾರಣ ಎರಡನ್ನೂ ಮೇಲೆತ್ತುತ್ತೆ. ಬೋನಸ್ ಬಂದವರು ಅಂಗಡಿಗೆ ಬರ್ತಾರೆ, ಅವರು ಬರ್ತಾರೆ ಅಂತ ಗೊತ್ತಿರೋ ಮಾಲೀಕ ಆ್ಯಡ್ ಹಾಕ್ತಾನೆ. ಮಳೆಗಾಲದಲ್ಲಿ ಕೊಡೆಯೂ ಜಾಸ್ತಿ, ಕೆಸರೂ ಜಾಸ್ತಿ. ಕೊಡೆಯಿಂದ ಕೆಸರಾಯ್ತು ಅಂತ ಯಾರಾದ್ರೂ ಹೇಳ್ತಾರಾ?

ಇನ್ನೊಂದು ತಮಾಷೆ ನಮ್ಮ ಪಠ್ಯದಲ್ಲೇ ಇದೆ. ಜಾಹೀರಾತು ಬಜೆಟ್ ನಿಗದಿ ಮಾಡೋ ವಿಧಾನಗಳಲ್ಲಿ ಒಂದು "ಪರ್ಸೆಂಟೇಜ್ ಆಫ್ ಸೇಲ್ಸ್". ನಿರೀಕ್ಷಿತ ಮಾರಾಟದ ಇಂತಿಷ್ಟು ಶೇಕಡಾ ಜಾಹೀರಾತಿಗೆ ಅಂತ ತೆಗೆದಿಡೋದು. ಇಲ್ಲಿ ಮಾರಾಟದ ಅಂದಾಜಿನಿಂದ ಆ್ಯಡ್ ಖರ್ಚು ಹುಟ್ಟಿದೆ! ನಾವೇ ಕಟ್ಟಿದ ಸಂಬಂಧವನ್ನ ನಾವೇ ಅಳೆದು 0.9 ಬಂತು ಅಂತ ಖುಷಿಪಡೋದು ಯಾವ ಲೆಕ್ಕ?

3/7
"ಸರಿ, ಹೋದ ವರ್ಷದ ಅಕ್ಟೋಬರ್ ಜೊತೆ ಹೋಲಿಸ್ತೀವಿ" ಅಂತೀರಾ? ಕ್ಯಾಲೆಂಡರ್ ನೋಡಿ. ದೀಪಾವಳಿ 2023ರಲ್ಲಿ ನವೆಂಬರ್ 12ರ ಹೊತ್ತಿಗೆ ಬಂತು, 2024ರಲ್ಲಿ ಅಕ್ಟೋಬರ್ ಕೊನೆಗೆ, 2025ರಲ್ಲಿ ಅಕ್ಟೋಬರ್ 20ರ ಹೊತ್ತಿಗೆ. 2023ರ ಅಕ್ಟೋಬರ್‌ನಲ್ಲಿ ದೀಪಾವಳಿಯೇ ಇರಲಿಲ್ಲ, 2025ರದ್ದರಲ್ಲಿ ಪೂರ್ತಿ ಇತ್ತು. ಆ್ಯಡ್‌ಗೆ ಒಂದು ರೂಪಾಯಿ ಹಾಕದಿದ್ರೂ ಈ ಎರಡು ತಿಂಗಳ ಮಾರಾಟ ಬೇರೆಬೇರೆ ಇರುತ್ತೆ.

4/7
"ಆದ್ರೆ ಜನ ಆ್ಯಡ್ ಕ್ಲಿಕ್ ಮಾಡೇ ಕೊಂಡಿದ್ದಾರೆ, ಡ್ಯಾಶ್‌ಬೋರ್ಡಲ್ಲಿ ಕಾಣುತ್ತಲ್ಲ?"

ಇದಕ್ಕೆ ಅಮೆರಿಕದ ಇ-ಬೇ ಕಂಪನಿಯ ಕಥೆ ಕೇಳಿ. "ಇ-ಬೇ" ಅಂತ ಸರ್ಚ್ ಮಾಡಿದವರಿಗೆ ಮೇಲ್ಗಡೆ ಇ-ಬೇ ಆ್ಯಡ್ ಬರ್ತಿತ್ತು, ಪ್ರತಿ ಕ್ಲಿಕ್ಕಿಗೆ ಕಂಪನಿ ದುಡ್ಡು ಕಟ್ತಿತ್ತು. 2012ರಲ್ಲಿ ಯಾಹೂ ಮತ್ತು ಎಂಎಸ್‌ಎನ್‌ನಲ್ಲಿ ಈ ಆ್ಯಡ್ ನಿಲ್ಲಿಸಿ, ಗೂಗಲ್‌ನಲ್ಲಿ ಮಾತ್ರ ಉಳಿಸಿಕೊಂಡು ನೋಡಿದ್ರು. ಆ್ಯಡ್ ಮೂಲಕ ಬರ್ತಿದ್ದ ಕ್ಲಿಕ್ಕುಗಳಲ್ಲಿ 99.5% ಕೆಳಗಿದ್ದ ಮಾಮೂಲಿ, ಪುಕ್ಕಟೆ ಲಿಂಕ್ ಮೂಲಕವೇ ಬಂತು. ಇ-ಬೇಗೆ ಹೋಗಬೇಕು ಅಂತಲೇ ಹೆಸರು ಟೈಪ್ ಮಾಡಿದವರು ಹೋಗದೆ ಇರ್ತಾರಾ? ಬಾಗಿಲ ಹತ್ತಿರ ಬಂದಿದ್ದ ಗಿರಾಕಿಯ ಕೈಗೆ ಪಾಂಪ್ಲೆಟ್ ಕೊಟ್ಟು "ನಾನೇ ಕರ್ಕೊಂಡು ಬಂದೆ" ಅಂದ ಹಾಗಾಯ್ತು.

5/7
ಅಲ್ಲಿಗೇ ನಿಲ್ಲಲಿಲ್ಲ. ಕಂಪನಿ ಹೆಸರಿಲ್ಲದ, ಬರೀ ಸಾಮಾನಿನ ಹೆಸರಿನ ಸರ್ಚ್‌ಗಳಿಗೆ ಹಾಕ್ತಿದ್ದ ಗೂಗಲ್ ಆ್ಯಡ್‌ಗಳನ್ನೂ ದೇಶದ ಸುಮಾರು 30% ಪ್ರದೇಶಗಳಲ್ಲಿ 60 ದಿನ ನಿಲ್ಲಿಸಿದ್ರು, ಉಳಿದ ಕಡೆ ಮುಂದುವರಿಸಿದ್ರು. ಎರಡೂ ಕಡೆ ಮಾರಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬ್ಲೇಕ್, ನೋಸ್ಕೋ, ಟಡೆಲಿಸ್ ಅನ್ನೋ ಮೂವರು ಅರ್ಥಶಾಸ್ತ್ರಜ್ಞರು ಇದನ್ನ 2015ರಲ್ಲಿ 'ಇಕನಾಮೆಟ್ರಿಕಾ' ಪತ್ರಿಕೆಯಲ್ಲಿ ಬರೆದ್ರು. ಖರ್ಚು ಮತ್ತು ಮಾರಾಟವನ್ನ ಸುಮ್ನೆ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿದ್ರೆ ಹೂಡಿಕೆಗೆ 4000%ಗಿಂತ ಜಾಸ್ತಿ ಲಾಭ. ಪ್ರಯೋಗದ ಲೆಕ್ಕದಲ್ಲಿ 63% ನಷ್ಟ. ಕಂಪನಿ ಅದೇ, ಆ್ಯಡ್ ಅದೇ, ಲೆಕ್ಕ ಹಾಕೋ ರೀತಿ ಮಾತ್ರ ಬೇರೆ.

ಹಾಗಂತ "ಆ್ಯಡ್ ಎಲ್ಲಾ ವೇಸ್ಟ್" ಅಂತ ಓದ್ಕೋಬೇಡಿ. ಹೊಸಬರು ಮತ್ತು ಅಪರೂಪಕ್ಕೆ ಕೊಳ್ಳೋರ ಮೇಲೆ ಅಲ್ಲೂ ಪರಿಣಾಮ ಕಂಡಿತ್ತು. ಆದ್ರೆ ಆ್ಯಡ್ ಖರ್ಚಿನ ಬಹುಪಾಲು ಮೊದಲೇ ಇ-ಬೇ ಗೊತ್ತಿದ್ದವರ ಕ್ಲಿಕ್ಕಿಗೆ ಹೋಗ್ತಿತ್ತು. ಯಾರಿಗೂ ಗೊತ್ತಿಲ್ಲದ ಹೊಸ ಅಂಗಡಿಯ ಫಲಿತಾಂಶ ಬೇರೆಯೇ ಬರಬಹುದು. ಅದನ್ನೂ ಅಳೆದೇ ಹೇಳಬೇಕು.

6/7
ಹಾಗಾದ್ರೆ ಹೇಗೆ ಅಳೆಯೋದು? ಒಂದು ಊಹೆಯ ಲೆಕ್ಕ ಮಾಡೋಣ. ಒಂದು ಬಟ್ಟೆ ಅಂಗಡಿಗೆ 12 ಊರಲ್ಲಿ ಬ್ರಾಂಚ್ ಇದೆ. ಸೀಸನ್ ಶುರುವಾಗೋ ಮೊದಲೇ ಚೀಟಿ ಎತ್ತಿ 6 ಊರಿಗೆ ಆ್ಯಡ್, 6 ಊರಿಗೆ ಇಲ್ಲ ಅಂತ ತೀರ್ಮಾನ ಮಾಡಿ. ಮಾಲೀಕನ ಇಷ್ಟಕ್ಕೆ ಬಿಟ್ರೆ ವ್ಯಾಪಾರ ಚೆನ್ನಾಗಿರೋ ಊರಿಗೇ ಆ್ಯಡ್ ಹಾಕ್ತಾನೆ, ಆಟ ಅಲ್ಲೇ ಕೆಡುತ್ತೆ.

ಎರಡೂ ಗುಂಪಿನಲ್ಲಿ ಬ್ರಾಂಚಿಗೆ ಸರಾಸರಿ ಮಾಮೂಲಿ ತಿಂಗಳ ವ್ಯಾಪಾರ 10 ಲಕ್ಷ ಅಂತಿಟ್ಕೊಳ್ಳಿ. ಹಬ್ಬದ ತಿಂಗಳಲ್ಲಿ ಆ್ಯಡ್ ಹಾಕಿದ ಕಡೆ 19 ಲಕ್ಷ ಆಯ್ತು, ಬ್ರಾಂಚಿಗೆ ಆ್ಯಡ್ ಖರ್ಚು 50,000. ಏಜೆನ್ಸಿ ಬಂದು "9 ಲಕ್ಷ ಏರಿಸಿದ್ವಿ, ಖರ್ಚಿನ 18 ಪಟ್ಟು" ಅನ್ನುತ್ತೆ.

ಆದ್ರೆ ಆ್ಯಡ್ ಹಾಕದ ಕಡೆ? 18 ಲಕ್ಷ. ಅಲ್ಲಿಗೆ 8 ಲಕ್ಷ ಹಬ್ಬದ್ದು, ಆ್ಯಡ್‌ದು 1 ಲಕ್ಷ ಮಾತ್ರ. ಗ್ರಾಸ್ ಮಾರ್ಜಿನ್ 30% ಇದ್ರೆ ಆ 1 ಲಕ್ಷದಲ್ಲಿ ಕೈಗೆ ಸಿಗೋದು 30,000. ಖರ್ಚು 50,000. ಪ್ರತಿ ಬ್ರಾಂಚಲ್ಲೂ 20,000 ನಷ್ಟ ಮಾಡ್ಕೊಂಡು ಸಕ್ಸಸ್ ಪಾರ್ಟಿ!

ಇದಕ್ಕೂ ಮಿತಿ ಇದೆ. 12 ಊರಲ್ಲಿ ಒಂದು ಕಡೆ ಎದುರಿಗೆ ಹೊಸ ಅಂಗಡಿ ಬಂದ್ರೂ, ಇನ್ನೊಂದು ಕಡೆ ಜೋರು ಮಳೆ ಬಂದ್ರೂ 1 ಲಕ್ಷದ ಅಂತರ ತಾನಾಗೇ ಬರಬಹುದು. ಅದಕ್ಕೇ ಹಿಂದಿನ ತಿಂಗಳುಗಳಲ್ಲಿ, ಆ್ಯಡ್ ಇಲ್ಲದಾಗಲೂ, ಎರಡು ಗುಂಪಿನ ನಡುವೆ ಎಷ್ಟು ಅಂತರ ಇರ್ತಿತ್ತು ಅಂತ ಮೊದಲು ನೋಡ್ಬೇಕು. ಒಂದೇ ಅಂಗಡಿ ಇರೋರು ಊರಿನ ಏರಿಯಾಗಳನ್ನ ಹಂಚಿಕೊಂಡು ನೋಡಬಹುದು, ಆದ್ರೆ ಉತ್ತರ ಇನ್ನೂ ಮಸುಕಾಗಿರುತ್ತೆ. ಮಸುಕಾಗಿದ್ರೆ ಹಾಗಂತಲೇ ಬರೀರಿ.

7/7
"ಇಷ್ಟೆಲ್ಲಾ ಯಾಕೆ ಗುರು, ಸೇಲ್ಸ್ ಆಯ್ತಲ್ಲ" ಅನ್ನೋರಿಗೆ ಒಂದು ಮಾತು. ಆ್ಯಡ್‌ಗೆ ಹೋದ ದುಡ್ಡು ಎಲ್ಲಿಂದಲೋ ಬಂದಿರುತ್ತೆ. ಸಣ್ಣ ಅಂಗಡಿಯವರಾದ್ರೆ ಅದು ಸ್ಟಾಕ್ ತರೋ ದುಡ್ಡು. ಹಬ್ಬದ ಹಿಂದಿನ ದಿನ ಬೇಕಾದ ಸೈಜ್ ಇಲ್ಲ ಅಂತ ಗಿರಾಕಿ ವಾಪಸ್ ಹೋದ್ರೆ ಆ ನಷ್ಟ ಯಾವ ಡ್ಯಾಶ್‌ಬೋರ್ಡಲ್ಲೂ ಕಾಣಲ್ಲ. ರಾತ್ರಿ ಹತ್ತರವರೆಗೂ ನಿಂತು ಸೀರೆ ಬಿಚ್ಚಿ ತೋರಿಸಿದ ಸೇಲ್ಸ್ ಹುಡುಗಿಯರ ಹೆಸರೂ ಅಲ್ಲಿ ಇರಲ್ಲ. ಕ್ರೆಡಿಟ್ ಪೂರ್ತಿ ಆ್ಯಡ್‌ಗೆ, ಮುಂದಿನ ವರ್ಷದ ಬಜೆಟ್ ಕೂಡ ಅದಕ್ಕೇ.

ಈ ಸೆಮ್ ಪ್ರಾಜೆಕ್ಟಲ್ಲಿ ಯಾರಾದ್ರೂ ಎರಡು ಏರೋ ಗೆರೆ ತೋರಿಸಿದ್ರೆ ಒಂದೇ ಪ್ರಶ್ನೆ ಕೇಳಿ: ಆ್ಯಡ್ ಹಾಕದೇ ಇದ್ದ ಕಡೆ ಎಷ್ಟು ಏರಿತು? ಆ ಅಂಕಿ ಇಲ್ಲ ಅಂದ್ರೆ "ಪರಿಣಾಮಕಾರಿ" ಅನ್ನೋ ಪದ ಹೊಡೆದು ಹಾಕಿ.

ಒಪ್ಪದವರು ಕಾಮೆಂಟಲ್ಲಿ ಬನ್ನಿ, ಆದ್ರೆ ಆ ಅಂಕಿ ತಗೊಂಡು ಬನ್ನಿ.

#ಬಿಕಾಂ #ಹಬ್ಬದಸೇಲ್ #ಲೆಕ್ಕಕೊಡಿ