ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಒಂದು ವರ್ಷದ ಗಡುವು ಬೇಕೇ?

ಭಾರತೀಯ ತಂದೆಗೋ ತಾಯಿಗೋ ಹೊರದೇಶದಲ್ಲಿ ಮಗು ಹುಟ್ಟಿದರೆ ಅದು ತಾನಾಗಿಯೇ ಭಾರತದ ಪ್ರಜೆಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರ ವಿಷಯದಲ್ಲಿ ಅದು ನಿಜವಲ್ಲ. ಪೌರತ್ವ ಕಾಯ್ದೆಯ 4ನೇ ಕಲಮಿನಂತೆ, ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿಯಾಗಬೇಕು. ಮಗುವಿನ ಹೆಸರಿನಲ್ಲಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಿಸಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಇಷ್ಟಾದ ಮೇಲೆಯೇ ಮೊದಲ ಪಾಸ್‌ಪೋರ್ಟಿನ ಮಾತು. ಈ ಗಡುವು ಉಳಿಯಬೇಕೇ?

ಪರ: ಗಡುವು ಇರಲೇಬೇಕು

ರಕ್ತಸಂಬಂಧದಿಂದ ಬರುವ ಪೌರತ್ವವು ಒಂದೇ ಒಂದು ದಿನದ ಸಂಗತಿಯ ಮೇಲೆ ನಿಂತಿದೆ. ಮಗು ಹುಟ್ಟಿದ ದಿನ ತಂದೆ ಅಥವಾ ತಾಯಿ ಭಾರತದ ಪ್ರಜೆಯಾಗಿದ್ದರೇ, ಇಲ್ಲವೇ? ಊರಲ್ಲೇ ಹುಟ್ಟಿದ ಮಗುವಿನ ವಿಷಯದಲ್ಲಿ ಆಸ್ಪತ್ರೆ, ಪಂಚಾಯಿತಿ, ಅಂಗನವಾಡಿ ಎಲ್ಲವೂ ಸಾಕ್ಷಿ ಹೇಳುತ್ತವೆ. ಹೊರಗೆ ಹುಟ್ಟಿದ ಮಗುವಿನ ಬಗ್ಗೆ ಭಾರತದಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಟೊರಾಂಟೊದಲ್ಲಿರುವ ಬೆಂಗಳೂರಿನ ದಂಪತಿಯೊಬ್ಬರನ್ನು ಊಹಿಸಿಕೊಳ್ಳಿ. ಗಂಡ ಮಾರ್ಚ್‌ನಲ್ಲಿ ಕೆನಡಾದ ಪ್ರಜೆಯಾದ. ನಮ್ಮ ಕಾಯ್ದೆಯ 9ನೇ ಕಲಮಿನಂತೆ ಆ ಕ್ಷಣಕ್ಕೆ ಅವನ ಭಾರತದ ಪೌರತ್ವ ಮುಗಿಯಿತು. ಹೆಂಡತಿ ಇನ್ನೂ ಭಾರತೀಯಳು. ಮೇ ತಿಂಗಳಲ್ಲಿ ಮಗು. ಆ ವರ್ಷವೇ ದೂತಾವಾಸಕ್ಕೆ ಹೋದರೆ ತಾಯಿಯ ಪಾಸ್‌ಪೋರ್ಟ್ ಕೈಯಲ್ಲೇ ಇರುತ್ತದೆ, ಅಧಿಕಾರಿಗೆ ಅನುಮಾನವೇ ಬರುವುದಿಲ್ಲ. ಹತ್ತು ವರ್ಷ ಕಳೆದು, ತಾಯಿಯೂ ಕೆನಡಾದವಳಾಗಿ, ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ, ಮಧ್ಯೆ ಮನೆಯನ್ನೂ ಊರನ್ನೂ ಬದಲಿಸಿದ ಮೇಲೆ ಬಂದರೆ ಎರಡು ದೇಶಗಳ ತಾರೀಖುಗಳನ್ನು ತಾಳೆ ನೋಡುತ್ತ ಕೂರಬೇಕಾಗುತ್ತದೆ. ಸತ್ಯ ಬಿಸಿಯಾಗಿರುವಾಗಲೇ ಬರೆದಿಡಿ ಎನ್ನುವುದೇ ಗಡುವಿನ ಉದ್ದೇಶ.

ಎರಡನೆಯದು ಆಯ್ಕೆಯ ಪ್ರಶ್ನೆ. ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಮಗು ಹುಟ್ಟಿನಿಂದಲೇ ಅಲ್ಲಿಯ ಪ್ರಜೆ. ಕೆಲವು ತಂದೆತಾಯಿ 4ನೇ ಕಲಮಿನ ಇನ್ನೊಂದು ಸಾಲನ್ನು ಓದಿ, ಹದಿನೆಂಟು ತುಂಬುವವರೆಗೆ ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು, ಆಮೇಲೆ ಆರು ತಿಂಗಳಲ್ಲಿ ಒಂದನ್ನು ಬಿಟ್ಟರಾಯಿತು ಎಂದು ವಾದಿಸುತ್ತಾರೆ. ಅವರು ಅರ್ಧ ಸರಿ. ಆ ಸಾಲು ಬೇರೆ ದೇಶದ ಪೌರತ್ವ ತಾನಾಗಿ ಬಂದಿರುವ ಮಗುವಿನ ಬಗ್ಗೆ ಹೇಳುತ್ತದೆ. ಆದರೆ ಆ ದೇಶದ ಪಾಸ್‌ಪೋರ್ಟನ್ನು ಪಡೆದುಕೊಂಡಿದ್ದರೆ ದೂತಾವಾಸದಲ್ಲಿ ನೋಂದಣಿಯೇ ಆಗುವುದಿಲ್ಲ. ಗಡುವಿಲ್ಲದಿದ್ದರೆ ಮನೆಮಂದಿ ಯಾವ ದೇಶದಲ್ಲಿ ಓದು, ಕೆಲಸ ಅನುಕೂಲವೆಂದು ವರ್ಷಗಟ್ಟಲೆ ಕಾದು ನೋಡಿ, ಕೊನೆಗೆ ಬೇಕಾದ ಬಾಗಿಲು ತಟ್ಟುತ್ತಾರೆ. ಪೌರತ್ವ ಆ ರೀತಿಯ ಕಾದಿರಿಸಿದ ಸೀಟಾಗಬಾರದು.

ವರ್ಷ ಸಾಲದು ಎನ್ನುವವರಿಗೆ ಒಂದು ಉತ್ತರ. ಬೇಕಾದದ್ದು ಸ್ಥಳೀಯ ಜನನ ಪ್ರಮಾಣಪತ್ರ, ಇಬ್ಬರ ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಗೃಹ ಸಚಿವಾಲಯದ ಜಾಲತಾಣದಲ್ಲಿ ತುಂಬಿದ ಅರ್ಜಿ, ಇಬ್ಬರ ಸಹಿ. ಹೆಚ್ಚು ತಡವಾಗುವುದು ಹೆಸರಿನಿಂದ: ನಮ್ಮ ಕಡೆಯ ಅಪ್ಪಂದಿರ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಒಂದು ರೀತಿ, ಮದುವೆಯ ಕಾಗದದಲ್ಲಿ ಊರ ಹೆಸರು ಸೇರಿ ಇನ್ನೊಂದು ರೀತಿ, ಹೊರದೇಶದ ಆಸ್ಪತ್ರೆಯಲ್ಲಿ ಮೂರನೆಯ ರೀತಿ. ಹೆರಿಗೆಗೆ ಮುಂಚೆಯೇ ಇದನ್ನು ಸರಿಪಡಿಸಿಕೊಂಡವರಿಗೆ ವರ್ಷ ಧಾರಾಳ. ತಪ್ಪಿಹೋದವರಿಗೂ ದಾರಿ ಮುಚ್ಚಿಲ್ಲ. ಕೇಂದ್ರದ ಅನುಮತಿಯಿದೆ, ಅದಲ್ಲದೆ 5ನೇ ಕಲಮಿನಲ್ಲಿ ಭಾರತೀಯರ ಅಪ್ರಾಪ್ತ ಮಕ್ಕಳನ್ನು ಅರ್ಜಿಯ ಮೇಲೆ ಪ್ರಜೆಯಾಗಿ ನೋಂದಾಯಿಸುವ ಅವಕಾಶವೂ ಇದೆ. ಕಾನೂನು ಮಗುವನ್ನು ಬೀದಿಗೆ ಬಿಟ್ಟಿದೆ ಎನ್ನುವುದು ಅತಿಶಯೋಕ್ತಿ.

ವಿರೋಧ: ಗಡುವು ಬೀಳುವುದು ತಪ್ಪು ಮಗುವಿನ ಮೇಲೆ

ಪರವಾದಿಗಳು ಹೇಳುವ ಟೊರಾಂಟೊದ ಮಗು ಗಡುವು ತಪ್ಪಿಸಿಕೊಂಡರೆ ಕಳೆದುಕೊಳ್ಳುವುದೇನು? ಅದು ಕೆನಡಾದ ಪ್ರಜೆ. ಶಾಲೆ, ಆಸ್ಪತ್ರೆ, ಪಾಸ್‌ಪೋರ್ಟ್ ಎಲ್ಲ ಅಲ್ಲಿ ಸಿಗುತ್ತದೆ, ಮುಂದೆ ಓಸಿಐ ಕಾರ್ಡ್ ಮಾಡಿಸಿಕೊಂಡು ಅಜ್ಜಿಯ ಮನೆಗೂ ಬಂದುಹೋಗುತ್ತದೆ. ಆ ಮಗುವನ್ನು ಮುಂದಿಟ್ಟುಕೊಂಡು ಮಾಡಿದ ನಿಯಮವನ್ನು ನಾನು ಬೇರೊಂದು ಮಗುವಿನ ಪಕ್ಕದಲ್ಲಿ ನಿಂತು ನೋಡಬಯಸುತ್ತೇನೆ. ಗಲ್ಫ್ ದೇಶಗಳಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿಯ ಪೌರತ್ವ ಬರುವುದಿಲ್ಲ. ಭಟ್ಕಳದ, ಉಡುಪಿಯ, ಮಂಗಳೂರಿನ ದಂಪತಿಗೆ ಅಲ್ಲಿ ಹುಟ್ಟಿದ ಮಗುವಿಗೆ ಭಾರತ ಬಿಟ್ಟರೆ ಬೇರೆ ದೇಶವೇ ಇಲ್ಲ. ಆ ಮಗುವಿನ ತಂದೆತಾಯಿ ಯಾವ ದೇಶ ಅನುಕೂಲವೆಂದು ಲೆಕ್ಕ ಹಾಕುತ್ತ ಕಾಯುವ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಗಲ್ಫ್‌ನಲ್ಲಿ ಗಡುವು ತಪ್ಪುವುದು ಯಾರಿಗೆ? ಕೆಲಸ, ವೀಸಾ ಎಲ್ಲ ನೆಟ್ಟಗಿರುವವರಿಗಲ್ಲ. ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ವೀಸಾ ಮಾಡಿಸಬೇಕು, ಅದಕ್ಕೆ ಪಾಸ್‌ಪೋರ್ಟ್ ಬೇಕು; ಆದ್ದರಿಂದ ಅವರು ನಮ್ಮ ಕಾಯ್ದೆ ಹೇಳುವ ಮೊದಲೇ ದೂತಾವಾಸಕ್ಕೆ ಓಡುತ್ತಾರೆ. ತಪ್ಪುವುದು ಕಾಗದ ಕೆಟ್ಟವರಿಗೆ. ಸೌದಿಯ ದಮ್ಮಾಮಿನಲ್ಲಿ ಚಾಲಕನಾಗಿರುವ ಒಬ್ಬ ತಂದೆಯನ್ನು ಕಲ್ಪಿಸಿಕೊಳ್ಳೋಣ. ಸೌದಿ ಸರ್ಕಾರ 2017ರ ಜುಲೈಯಿಂದ ಕುಟುಂಬದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹೇರಿತು. ವರ್ಷವರ್ಷವೂ ಏರಿ ಅದು 2020ಕ್ಕೆ 400 ರಿಯಾಲ್ ಆಯಿತು. ಹೆಂಡತಿ, ಒಂದು ಮಗು ಇದ್ದರೆ ತಿಂಗಳಿಗೆ 800, ವರ್ಷಕ್ಕೆ 9,600 ರಿಯಾಲ್. ಅದನ್ನು ಕಟ್ಟದೆ ಅಲ್ಲಿಯ ವಾಸದ ಪರವಾನಗಿಯಾದ ಇಕಾಮಾ ನವೀಕರಣವಾಗದು. ಕಂಪನಿ ನಾಲ್ಕು ತಿಂಗಳು ಸಂಬಳ ನಿಲ್ಲಿಸಿತು, ಇಕಾಮಾ ಮುಗಿಯಿತು, ಅಷ್ಟರಲ್ಲಿ ಎರಡನೆಯ ಹೆರಿಗೆಯಾಯಿತು. ಆಸ್ಪತ್ರೆ ಕೊಟ್ಟ ಚೀಟಿಯನ್ನು ಅಲ್ಲಿಯ ಸರ್ಕಾರಿ ಜನನ ಪ್ರಮಾಣಪತ್ರವಾಗಿಸಲು ಚಾಲ್ತಿಯಲ್ಲಿರುವ ಇಕಾಮಾ ಬೇಕು. ಆ ಪ್ರಮಾಣಪತ್ರವಿಲ್ಲದೆ ದೂತಾವಾಸದ ಅರ್ಜಿ ಪೂರ್ಣವಾಗದು. ಬಾಕಿ ತೀರಿಸಿ ಕಾಗದ ಪಡೆಯುವ ಹೊತ್ತಿಗೆ ಮಗುವಿಗೆ ಹದಿನಾಲ್ಕು ತಿಂಗಳು. ಈ ತಂದೆ ಎಲ್ಲಿ ಅಸಡ್ಡೆ ಮಾಡಿದ? ಅವನಿಗಿಂತಲೂ ಕಷ್ಟ ಯಜಮಾನನ ಮನೆಯಿಂದ ತಪ್ಪಿಸಿಕೊಂಡು ಬಂದ ಮನೆಗೆಲಸದ ಹೆಂಗಸಿನದು. ಅವಳ ಪಾಸ್‌ಪೋರ್ಟ್ ಯಜಮಾನನ ಪೆಟ್ಟಿಗೆಯಲ್ಲಿದೆ, ಮದುವೆಯ ಕಾಗದ ಊರಲ್ಲೂ ಇಲ್ಲದಿರಬಹುದು.

ದಾರಿ ಮುಚ್ಚಿಲ್ಲ ಎಂಬ ಮಾತು ಕೇಳಲು ಹಿತವಾಗಿದೆ, ಆದರೆ ಪೂರ್ತಿ ಅಲ್ಲ. ಅನುಮತಿಯ ಕಡತ ದೆಹಲಿಗೆ ಹೋಗುತ್ತದೆ. ಎಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು 4ನೇ ಕಲಮು ಹೇಳುವುದಿಲ್ಲ. ತಂದೆತಾಯಿಗೆ ವರ್ಷದ ಗಡುವು, ಸರ್ಕಾರಕ್ಕೆ ಯಾವ ಗಡುವೂ ಇಲ್ಲ. 5ನೇ ಕಲಮಿನ ಬಾಗಿಲು ಇನ್ನೂ ಕಿರಿದು. ಆ ಅರ್ಜಿಯನ್ನು ಕಾರಣ ಹೇಳದೆಯೇ ತಿರಸ್ಕರಿಸುವ ಅಧಿಕಾರವನ್ನು 14ನೇ ಕಲಮು ಸರ್ಕಾರಕ್ಕೆ ಕೊಟ್ಟಿದೆ. 2004ಕ್ಕೆ ಮುಂಚೆ, ಭಾರತದಲ್ಲಿ ಹುಟ್ಟಿದ ತಂದೆಯ ಮಗುವಿಗೆ ಪೌರತ್ವ ಹುಟ್ಟಿನ ಹಕ್ಕಾಗಿತ್ತು. ದೂತಾವಾಸದ ನೋಂದಣಿ ಕಡ್ಡಾಯವಿದ್ದದ್ದು, ತಾವೇ ಹೊರಗೆ ಹುಟ್ಟಿ ವಂಶದಿಂದ ಪ್ರಜೆಗಳಾದವರ ಮಕ್ಕಳಿಗೆ ಮಾತ್ರ. 2003ರ ತಿದ್ದುಪಡಿ ಆ ಹಕ್ಕನ್ನು ಅರ್ಜಿಯಾಗಿಸಿತು. ವರ್ಷ ದಾಟಿದ ಮೇಲೆ ಅದು ಕೃಪೆಯಾಗುತ್ತದೆ.

ಊರಿಗೆ ಬಂದು ಸರಿಪಡಿಸಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಜನನ ಮರಣ ನೋಂದಣಿ ಕಾಯ್ದೆಯ 20ನೇ ಕಲಮಿನಲ್ಲಿ ಅಂಥದ್ದೊಂದು ಸೌಲಭ್ಯವಿರುವುದು ನಿಜ. ಹೊರಗೆ ಹುಟ್ಟಿದ ಮಗುವಿನೊಡನೆ ನೆಲೆಸಲು ಮರಳಿದವರು, ಮಗು ಭಾರತಕ್ಕೆ ಬಂದ 60 ದಿನಗಳೊಳಗೆ ಇಲ್ಲೇ ಜನನ ನೋಂದಾಯಿಸಬಹುದು. ಆದರೆ ಅದರಿಂದ ಸಿಗುವುದು ಜನನ ಪ್ರಮಾಣಪತ್ರ, ಪೌರತ್ವವಲ್ಲ. ಪೌರತ್ವ ಕಾಯ್ದೆ ಕೇಳುವುದು ದೂತಾವಾಸದ ನೋಂದಣಿಯನ್ನು. ಪುರಸಭೆಯ ಮುದ್ರೆ ಬಿದ್ದ ಕಾಗದ ಹಿಡಿದು ಎಲ್ಲ ಮುಗಿಯಿತೆಂದುಕೊಂಡವರಿಗೆ ಪಾಸ್‌ಪೋರ್ಟ್ ಕೇಳಲು ಹೋದಾಗಲೇ ಇದು ತಿಳಿಯುತ್ತದೆ.

ಸಾಕ್ಷ್ಯ ಹಳತಾಗುತ್ತದೆ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಪರವಾದದ ಬಲವೆಲ್ಲ ಅದರಲ್ಲೇ ಇದೆ. ಆದರೆ ಹಳೆಯ ಸಾಕ್ಷ್ಯಕ್ಕೆ ಮದ್ದು ಹೆಚ್ಚಿನ ಸಾಕ್ಷ್ಯ ಕೇಳುವುದು. ಕರ್ನಾಟಕದ ಹಳ್ಳಿಯೊಂದರಲ್ಲಿ ಹುಟ್ಟಿದ ಮಗುವಿನ ಜನನವನ್ನು ವರ್ಷ ಕಳೆದ ಮೇಲೆ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅಲ್ಲಿ ಕಷ್ಟ ಹೆಚ್ಚುತ್ತದೆ, ಆ ಮಗುವಿನ ಪೌರತ್ವ ಮಾತ್ರ ಹೋಗುವುದಿಲ್ಲ. ತಡವಾಗಿ ಬಂದ ಗಲ್ಫ್ ತಂದೆತಾಯಿಯಿಂದ ಆಸ್ಪತ್ರೆಯ ದಾಖಲೆ, ಹೆರಿಗೆಯ ಕಾಲದ ವೀಸಾ, ಅನುಮಾನವಿದ್ದರೆ ಡಿಎನ್‌ಎ ಪರೀಕ್ಷೆ ಕೇಳಿ. ಕೊಡಲು ಅವರು ಸಿದ್ಧರಿರುತ್ತಾರೆ.

ಗಡುವು ಇಟ್ಟ ಬೇರೆ ದೇಶಗಳೂ ಇವೆ, ಅವುಗಳಲ್ಲಿ ಎರಡರ ಉದಾಹರಣೆ ಕಲಿಯುವಂಥದ್ದು. ಜಪಾನ್ ನಮಗಿಂತ ಬಿಗಿ: ಮೂರೇ ತಿಂಗಳು. ಆದರೆ ಆ ನಿಯಮ ಅನ್ವಯಿಸುವುದು ಹೊರಗೆ ಹುಟ್ಟಿ, ಹುಟ್ಟಿನಿಂದಲೇ ಬೇರೆ ದೇಶದ ಪೌರತ್ವವನ್ನೂ ಪಡೆದ ಮಗುವಿಗೆ ಮಾತ್ರ. ಜರ್ಮನಿ, 1999ರ ನಂತರ ಹೊರಗೆ ಹುಟ್ಟಿ ಅಲ್ಲೇ ನೆಲೆಸಿದ ಜರ್ಮನರ ಮಕ್ಕಳಿಗೆ ನಮ್ಮಂತೆಯೇ ಒಂದು ವರ್ಷ ಕೊಡುತ್ತದೆ. ಅಲ್ಲಿಯೂ ಮಗು ಯಾವ ದೇಶಕ್ಕೂ ಸೇರದಂತಾಗುವುದಾದರೆ ಗಡುವು ಅಡ್ಡಬರುವುದಿಲ್ಲ. ಪರವಾದಿಗಳಿಗೆ ಬೇಕಾದ ಶಿಸ್ತು ಈ ಎರಡು ದೇಶಗಳಲ್ಲೂ ಇದೆ. ದೇಶವಿಲ್ಲದ ಮಗುವನ್ನು ಮಾತ್ರ ಅವು ಆ ಶಿಸ್ತಿನ ಹೊರಗಿಟ್ಟಿವೆ. ನಮ್ಮ 4ನೇ ಕಲಮಿನಲ್ಲಿ ಆ ಒಂದು ವಾಕ್ಯ ಇಲ್ಲ. ಭಾರತ 1992ರಲ್ಲೇ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಪ್ರತಿ ಮಗುವಿಗೂ ರಾಷ್ಟ್ರೀಯತೆ ಪಡೆಯುವ ಹಕ್ಕಿದೆ ಎನ್ನುತ್ತದೆ.

ದಾಖಲೆಯೇ ಇಲ್ಲದವರು ಯಾವುದೋ ಮಗುವನ್ನು ತಮ್ಮದೆಂದು ತೋರಿಸಿದರೆ ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಮದುವೆಯ ಕಾಗದವಿಲ್ಲದ ತಾಯಿ ತಂದೆಯ ಹೆಸರು ಹೇಳಲಾರದೆ ಬಂದಾಗ ಅಧಿಕಾರಿ ಎಷ್ಟು ನಂಬಬೇಕು ಎಂಬುದಕ್ಕೂ ಸಿದ್ಧ ಉತ್ತರವಿಲ್ಲ. ಆದರೆ ಈ ತೊಡಕುಗಳು ಮಗುವಿಗೆ ಹನ್ನೊಂದು ತಿಂಗಳಾಗಿದ್ದಾಗಲೂ ಇರುತ್ತವೆ, ಹದಿನಾಲ್ಕು ತಿಂಗಳಾಗಿದ್ದಾಗಲೂ ಇರುತ್ತವೆ. ಗಡುವು ಅವನ್ನು ಬಗೆಹರಿಸುವುದಿಲ್ಲ.

ಬೇರೆ ಯಾವ ದೇಶದ ಪೌರತ್ವವೂ ಸಿಗದ ಮಗುವಿಗೆ ಈ ಗಡುವು ಅನ್ವಯಿಸದು ಎಂದು ಸಂಸತ್ತು 4ನೇ ಕಲಮಿಗೆ ಸೇರಿಸಬೇಕು. ಅಲ್ಲಿಯವರೆಗೆ ಹೊರದೇಶದಲ್ಲಿರುವ ಓದುಗರಲ್ಲಿ, ಅವರ ಮನೆಯವರಲ್ಲಿ ಒಂದು ವಿನಂತಿ: ಕಾಗದ ಪೂರ್ತಿಯಾಗಲಿ ಎಂದು ಕಾಯಬೇಡಿ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮುಂಚೆಯೇ ಇರುವಷ್ಟು ದಾಖಲೆಗಳೊಂದಿಗೆ ದೂತಾವಾಸಕ್ಕೆ ಬರವಣಿಗೆಯಲ್ಲಿ ತಿಳಿಸಿ, ಏನು ಏಕೆ ಸಿಕ್ಕಿಲ್ಲವೆಂದು ಅದರಲ್ಲೇ ಬರೆಯಿರಿ, ಸ್ವೀಕೃತಿಯನ್ನು ಜೋಪಾನವಾಗಿಡಿ. ಮುಂದೆ ದೆಹಲಿಯ ಅನುಮತಿ ಕೇಳಬೇಕಾಗಿ ಬಂದರೆ ನೀವು ಸುಮ್ಮನೆ ಕೂತಿರಲಿಲ್ಲ ಎಂದು ತೋರಿಸಲು ಆ ಸ್ವೀಕೃತಿ ಬೇಕಾಗುತ್ತದೆ.